ಅಂಕಿತನಾಮವನ್ನು ಅನ್ವರ್ಥನಾಮವಾಗಿ ಓದುವ ದೋಷ: ಹೆಸರುಗಳ ವರ್ಗೀಕರಣದಲ್ಲಿ ಲಿಂಗ, ಮೂಲಭಾಷೆ ಮತ್ತು ಧರ್ಮ

ವ್ಯಕ್ತಿನಾಮಗಳನ್ನು ಆಧರಿಸಿದ ಅಧ್ಯಯನಗಳಲ್ಲಿ ಒಂದೇ ಬಗೆಯ ಕೋಷ್ಟಕ ಪದೇ ಪದೇ ಎದುರಾಗುತ್ತದೆ. ಅದರ ಮೊದಲ ಕಂಬಸಾಲಿನಲ್ಲಿ ಹೆಸರು, ಮುಂದಿನ ಮೂರರಲ್ಲಿ ಕ್ರಮವಾಗಿ ಲಿಂಗ, ಮೂಲಭಾಷೆ ಮತ್ತು ಧರ್ಮ. ಕೆಳಗಿನ ಸಾಲುಗಳನ್ನು ನಾವು ಚರ್ಚೆಯ ಅನುಕೂಲಕ್ಕಾಗಿ ರಚಿಸಿದ್ದೇವೆ. ರೂಪ ಮಾತ್ರ ಈ ಕ್ಷೇತ್ರದಲ್ಲಿ ಕೆಲಸ ಮಾಡಿದ ಯಾರಿಗೂ ಪರಿಚಿತವಾದುದೇ.

```
name,gender,origin,religion
Mariamma,F,Hebrew,Christian
Fakirappa,M,Arabic,Muslim
Chinnappa,M,Tamil,Hindu
```

ಈ ನಾಲ್ಕು ಕಂಬಸಾಲುಗಳು ನೋಡಲು ಸಮಾನ. ಆದರೆ ಅವು ಮೂರು ಬೇರೆ ಬೇರೆ ವಸ್ತುಗಳ ಕುರಿತ ಹೇಳಿಕೆಗಳು ಎಂಬುದು ನಮ್ಮ ವಾದ. ಮೂಲಭಾಷೆ ಎಂಬುದು ಒಂದು ಪದದ ಕುರಿತ ಹೇಳಿಕೆ. ಹೆಸರಿನ ಲಿಂಗವು ಒಂದು ಸಮುದಾಯದಲ್ಲಿ, ಒಂದು ಕಾಲದಲ್ಲಿ ಆ ಹೆಸರಿನ ಬಳಕೆ ಹೇಗಿತ್ತು ಎಂಬುದರ ಕುರಿತದ್ದು. ಧರ್ಮವಾದರೋ ಪದದ್ದೂ ಅಲ್ಲ, ಬಳಕೆಯದ್ದೂ ಅಲ್ಲ, ವ್ಯಕ್ತಿಯದು. ಮೂರನ್ನೂ ಒಂದೇ ಅಡ್ಡಸಾಲಿನಲ್ಲಿ ಇಟ್ಟೊಡನೆ, ಪದದ ಬಗ್ಗೆ ನಮಗಿರುವ ತಿಳಿವಳಿಕೆ ವ್ಯಕ್ತಿಯ ಬಗ್ಗೆ ಇರುವ ತಿಳಿವಳಿಕೆಯಂತೆ ತೋರತೊಡಗುತ್ತದೆ.

ಕನ್ನಡದ ವ್ಯಾಕರಣ ಪರಂಪರೆಯಲ್ಲಿ ಇದನ್ನು ವಿವರಿಸಲು ಬೇಕಾದ ಪರಿಭಾಷೆ ಸಿದ್ಧವಾಗಿಯೇ ಇದೆ. ವಸ್ತುವಾಚಕಗಳನ್ನು ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ವಿಂಗಡಿಸುವುದನ್ನು ನಾವೆಲ್ಲ ಶಾಲೆಯಲ್ಲೇ ಕಲಿತಿದ್ದೇವೆ. ವ್ಯವಹಾರಕ್ಕಾಗಿ ಇಟ್ಟ ಹೆಸರು ಅಂಕಿತನಾಮ. ಗುಣ, ವೃತ್ತಿ, ಸ್ಥಿತಿಗಳನ್ನು ಅನುಸರಿಸಿ ಬಂದ ಹೆಸರು ಅನ್ವರ್ಥನಾಮ. ವ್ಯಾಪಾರಿ ಎಂದು ಕರೆಸಿಕೊಂಡವನು ವ್ಯಾಪಾರ ಮಾಡುತ್ತಾನೆ. ಭೀಮ ಎಂದು ಕರೆಸಿಕೊಂಡವನು ಬಲಶಾಲಿ ಆಗಿರಬೇಕಾಗಿಲ್ಲ. ಮೇಲಿನ ಕೋಷ್ಟಕವು ಅಂಕಿತನಾಮವನ್ನು ಅನ್ವರ್ಥನಾಮವೆಂದು ಓದುತ್ತದೆ. ಅದರ ದೋಷವೂ ಅಪಾಯವೂ ಇರುವುದು ಇಲ್ಲಿಯೇ.

೧. ಮೂಲಭಾಷೆ: ಪದದ ಹುಟ್ಟು, ಹೆಸರಿನ ಹುಟ್ಟು

ಕೋಷ್ಟಕದ ಮೊದಲ ಹೆಸರನ್ನೇ ನೋಡೋಣ. `Mariamma` ಎಂಬ ರೋಮನ್ ಬರಹವನ್ನು ಕನ್ನಡಕ್ಕೆ ಮರಳಿಸುವಾಗಲೇ ಎರಡು ದಾರಿಗಳು ತೆರೆಯುತ್ತವೆ: ಮರಿಯಮ್ಮ ಅಥವಾ ಮಾರಿಯಮ್ಮ. ಸ್ವರದ ಹ್ರಸ್ವ-ದೀರ್ಘ ಭೇದವನ್ನು ರೋಮನ್ ಬರಹ ಕೈಬಿಟ್ಟಿರುವುದರಿಂದ ಇವೆರಡೂ ಒಂದೇ ಆಗಿ ಕಾಣುತ್ತವೆ. ಮಾರಿಯಮ್ಮ ಎಂದಾದರೆ ಅದು ಮಾರಿ ಎಂಬ ಗ್ರಾಮದೇವತೆಯ ಹೆಸರಿಗೆ ಅಮ್ಮ ಸೇರಿ ಬಂದದ್ದು. ಮರಿಯಮ್ಮ ಎಂದಾದರೂ ಪ್ರಶ್ನೆ ಮುಗಿಯುವುದಿಲ್ಲ. ಕ್ರೈಸ್ತ ಕುಟುಂಬದಲ್ಲಿ ಅದು ಮರಿಯ ಎಂಬುದಕ್ಕೆ ಅಮ್ಮ ಸೇರಿದ ರೂಪ. ಕರಾವಳಿಯ ಮುಸ್ಲಿಂ ಕುಟುಂಬದಲ್ಲಿ ಅದು ಅರಬ್ಬಿಯ ಮರ್ಯಮ್ ಮೂಲಕ ಬಂದದ್ದು. ಈ ಕೊನೆಯ ಎರಡರ ಹಿಂದೆಯೂ ಮಿರ್ಯಾಮ್ ಎಂಬ ಹೀಬ್ರೂ ಹೆಸರಿದೆ. ಹೀಗೆ ಒಂದೇ ರೋಮನ್ ಬರಹದ ಹಿಂದೆ ಎರಡು ಕನ್ನಡ ರೂಪಗಳೂ, ಮೂರು ಬೇರೆ ಬೇರೆ ನಾಮಕರಣ ಸಂಪ್ರದಾಯಗಳೂ ಅಡಗಿವೆ. ಕೋಷ್ಟಕದಲ್ಲಿ ಇರುವುದು ಮಾತ್ರ `Hebrew` ಎಂಬ ಒಂದೇ ಉತ್ತರ.

ಲಿಪಿಯ ತೊಡಕನ್ನು ನಿವಾರಿಸಿ ಎಲ್ಲ ಹೆಸರುಗಳನ್ನೂ ಕನ್ನಡದಲ್ಲೇ ಸಂಗ್ರಹಿಸಿದೆವು ಎಂದಿಟ್ಟುಕೊಳ್ಳೋಣ. ಆಗಲೂ ಮೂಲಭಾಷೆ ಎಂಬ ಶೀರ್ಷಿಕೆ ಎರಡು ಪ್ರಶ್ನೆಗಳನ್ನು ಬೆರೆಸುತ್ತದೆ. ಫಕೀರಪ್ಪ ಎಂಬುದರಲ್ಲಿರುವ ಫಕೀರ ಅರಬ್ಬಿ ಮೂಲದ ಪದವೆಂಬುದು ನಿಜ. ಆದರೆ ಫಕೀರಪ್ಪ ಎಂಬ ಹೆಸರು ಅರಬ್ಬಿಯಲ್ಲಿ ಇಲ್ಲ. ಪಾರಸಿ, ದಖನಿಗಳನ್ನು ಹಾದು ಉತ್ತರ ಕರ್ನಾಟಕದ ನುಡಿಗೆ ಸೇರಿದ ಪದಕ್ಕೆ ಅಪ್ಪ ಎಂಬ ಕನ್ನಡದ ಗೌರವಸೂಚಕ ಕೂಡಿ ಈ ಹೆಸರು ಹುಟ್ಟಿದ್ದು ಕನ್ನಡದಲ್ಲಿಯೇ. ಬಸಪ್ಪ ಎಂಬ ಹೆಸರೂ ಹೀಗೆಯೇ. ಬಸವ ಎಂಬುದು ವೃಷಭದ ತದ್ಭವ. ಆದ್ದರಿಂದ ಬಸಪ್ಪನನ್ನು ಸಂಸ್ಕೃತದ ಹೆಸರೆಂದು ವರ್ಗೀಕರಿಸಿದರೆ ಆ ಹೆಸರನ್ನು ಇಡುವವರೂ ಕರೆಯುವವರೂ ಒಪ್ಪಲಾರರು. ತತ್ಸಮ, ತದ್ಭವ, ದೇಶ್ಯ ಎಂದು ನಮ್ಮ ವೈಯಾಕರಣರು ಮಾಡಿದ ವಿಂಗಡಣೆ ಪದ ಎಲ್ಲಿಂದ ಹೊರಟಿತು ಎಂಬುದರ ಜೊತೆಗೆ, ಅದು ಕನ್ನಡದಲ್ಲಿ ಯಾವ ರೂಪ ತಳೆಯಿತು ಎಂಬುದನ್ನೂ ಗಮನಿಸುತ್ತದೆ. ಒಂದೇ ಒಂದು ಭಾಷೆಯ ಹೆಸರನ್ನು ತುಂಬಿಸಲು ಹೇಳುವ ಕಂಬಸಾಲಿಗೆ ಈ ಎಚ್ಚರವಿಲ್ಲ.

ಇಲ್ಲಿ ಪರಿಹಾರ ಕಷ್ಟವಲ್ಲ. ಘಟಕಪದದ ದೂರದ ಮೂಲ, ಹತ್ತಿರದ ಮೂಲ, ಮತ್ತು ಹೆಸರು ಸಿದ್ಧಗೊಂಡ ಭಾಷೆ ಎಂದು ಮೂರು ಕಡೆ ದಾಖಲಿಸಬಹುದು. ತಪ್ಪಿದರೆ ನಿಘಂಟುಕಾರರು ತಿದ್ದುತ್ತಾರೆ, ವ್ಯಕ್ತಿಗೆ ಹಾನಿಯಿಲ್ಲ. ಮುಂದಿನ ಎರಡು ಕಂಬಸಾಲುಗಳ ಬಗ್ಗೆ ಹಾಗೆ ಹೇಳುವಂತಿಲ್ಲ.

೨. ಲಿಂಗ: ಪ್ರತ್ಯಯದ ಭರವಸೆ

ಕನ್ನಡದ ಹೆಸರುಗಳಲ್ಲಿ ಲಿಂಗವನ್ನು ಗುರುತಿಸುವುದು ಸುಲಭವೆಂಬ ಭಾವನೆಗೆ ಕಾರಣಗಳಿವೆ. ಅಪ್ಪ, ಅಣ್ಣ, ಅಯ್ಯ ಎಂದು ಮುಗಿಯುವ ಹೆಸರು ಗಂಡಸಿನದು. ಅಮ್ಮ, ಅಕ್ಕ, ಅವ್ವ ಎಂದು ಮುಗಿಯುವುದು ಹೆಂಗಸಿನದು. ಈ ನಿಯಮ ಬಹುಪಾಲು ಸರಿ. ಆದರೆ ಗಣಕಕ್ಕೆ ಕೊಡುವ ನಿಯಮ ನಾವು ಮನಸ್ಸಿನಲ್ಲಿ ಇಟ್ಟುಕೊಂಡ ನಿಯಮವಲ್ಲ. ಅದು `amma$` ಎಂಬ ಅಕ್ಷರಸರಣಿ. ನಮಗೆ ಪುಟ್ಟತಮ್ಮ ಎಂಬಲ್ಲಿ ತಮ್ಮನು ಕಾಣುತ್ತಾನೆ, ಯಂತ್ರಕ್ಕೆ ಅಮ್ಮ ಕಾಣುತ್ತಾಳೆ. ಪದದ ಗಡಿ ಎಲ್ಲಿದೆ ಎಂಬ ರೂಪಶಾಸ್ತ್ರದ ಪ್ರಶ್ನೆಯನ್ನು ಬಿಟ್ಟು ಕೊನೆಯ ನಾಲ್ಕು ಅಕ್ಷರಗಳನ್ನು ಮಾತ್ರ ನೋಡಿದರೆ ಹೀಗಾಗುವುದು ಅನಿವಾರ್ಯ.

ಪ್ರತ್ಯಯವಿಲ್ಲದ ಹೆಸರುಗಳಲ್ಲಿ ತೊಡಕು ಹೆಚ್ಚು. ಕೃಷ್ಣ ಗಂಡು ಹೆಸರು, ಕೃಷ್ಣಾ ಹೆಣ್ಣು ಹೆಸರು. ರೋಮನ್ನಿನಲ್ಲಿ ಎರಡೂ `Krishna`. ಶಶಿ, ಕಿರಣ್, ಜ್ಯೋತಿ ಮೊದಲಾದವು ಲಿಪಿ ಯಾವುದಾದರೂ ಎರಡೂ ಕಡೆ ಸಲ್ಲುತ್ತವೆ. ಇನ್ನೂ ಸೂಕ್ಷ್ಮವಾದುದು ಹೆಸರನ್ನು ಬಿಡಿಸುವ ಕ್ರಮ. `Lakshmi Narayana` ಎಂಬ ನಮೂದು ಲಕ್ಷ್ಮೀನಾರಾಯಣ ಎಂಬ ಗಂಡಸಿನದಾಗಿರಬಹುದು. ತಂದೆಯ ಹೆಸರನ್ನು ತನ್ನ ಹೆಸರಿನ ಮುಂದೆ ಬರೆದುಕೊಳ್ಳುವ ಲಕ್ಷ್ಮಿ ಎಂಬ ಹೆಂಗಸಿನದೂ ಆಗಿರಬಹುದು. ಮೊದಲ ಪದವನ್ನೇ ವ್ಯಕ್ತಿನಾಮವೆಂದೂ ಎರಡನೆಯದನ್ನು ಕುಲನಾಮವೆಂದೂ ತಿಳಿಯುವ ಉಪಕರಣಕ್ಕೆ ಈ ಇಬ್ಬರೂ ಹೆಂಗಸರೇ. ದಕ್ಷಿಣ ಭಾರತದ ಹಲವೆಡೆ ಬಳಕೆಯಲ್ಲಿಲ್ಲದ ಕುಲನಾಮವನ್ನು ಇದೆಯೆಂದು ಭಾವಿಸಿದ್ದರ ಫಲವಿದು.

ಇಂಥ ದೋಷಗಳು ಎಲ್ಲರ ಮೇಲೂ ಸಮನಾಗಿ ಹಂಚಿಹೋಗುವುದಿಲ್ಲ. ಲಾಕ್‌ಹಾರ್ಟ್, ಕಿಂಗ್, ಮನ್ಶ್ ಅವರು 2023ರಲ್ಲಿ ನೇಚರ್ ಹ್ಯೂಮನ್ ಬಿಹೇವಿಯರ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವು, ವಿದ್ವಾಂಸರು ತಾವೇ ಹೇಳಿಕೊಂಡ ಗುರುತನ್ನೂ ಹೆಸರಿನಿಂದ ಊಹಿಸಿದ ಗುರುತನ್ನೂ ಹೋಲಿಸಿ, ತಪ್ಪಾಗಿ ಗುರುತಿಸಲ್ಪಡುವ ಹೊರೆ ಕೆಲವು ಗುಂಪುಗಳ ಮೇಲೆ ಹೆಚ್ಚಾಗಿ ಬೀಳುತ್ತದೆಂದು ತೋರಿಸಿತು. ಒಟ್ಟಾರೆ ನಿಖರತೆಯನ್ನು ಮಾತ್ರ ವರದಿ ಮಾಡುವ ಲೇಖನಗಳಲ್ಲಿ ಈ ಅಸಮತೆ ಮರೆಯಾಗುತ್ತದೆ. ಎರಡೇ ಬೆಲೆಗಳಿರುವ ಕಂಬಸಾಲು ಇನ್ನೂ ಒಂದು ಗುಂಪನ್ನು ಸಂಪೂರ್ಣವಾಗಿ ಅಳಿಸುತ್ತದೆ. 2014ರ ಏಪ್ರಿಲ್ 15ರಂದು ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ತನ್ನ ಲಿಂಗವನ್ನು ತಾನೇ ನಿರ್ಧರಿಸಿ ಹೇಳುವ ಹಕ್ಕು ವ್ಯಕ್ತಿಗಿದೆ ಎಂದಿತು. ಅಂಥ ವ್ಯಕ್ತಿಯ ಹಳೆಯ ಹೆಸರಿನಿಂದ ಲಿಂಗವನ್ನು ಊಹಿಸಿ ತುಂಬಿಸುವುದು ಆ ಹಕ್ಕಿನ ಮೇಲೆ ನೇರವಾಗಿ ಎರಗುವ ಕ್ರಿಯೆ.

ಕನ್ನಡ ಪಠ್ಯಗಳನ್ನು ಆಧರಿಸಿ ಕೆಲಸ ಮಾಡುವವರಿಗೆ ಇದಕ್ಕಿಂತ ಉತ್ತಮವಾದ ಸಾಕ್ಷ್ಯ ಪಠ್ಯದಲ್ಲಿಯೇ ದೊರೆಯುತ್ತದೆ. ಜ್ಯೋತಿ ಬಂದಳು, ಜ್ಯೋತಿ ಬಂದನು ಎಂಬಲ್ಲಿ ಲಿಂಗವನ್ನು ಹೇಳುತ್ತಿರುವುದು ಹೆಸರಲ್ಲ, ಕ್ರಿಯಾಪದ. ಹೇಳುತ್ತಿರುವವರು ಆ ವ್ಯಕ್ತಿಯನ್ನು ಬಲ್ಲ ಬರಹಗಾರರು. ಜ್ಯೋತಿ ಬಂದರು ಎಂಬ ಗೌರವ ಬಹುವಚನ ಇದ್ದಲ್ಲಿ ಭಾಷೆಯೇ ಆ ಮಾಹಿತಿಯನ್ನು ಕೊಟ್ಟಿಲ್ಲ. ಅಲ್ಲಿ ಕಂಬಸಾಲನ್ನು ಖಾಲಿ ಬಿಡುವುದೇ ಪಠ್ಯಕ್ಕೆ ನಿಷ್ಠವಾದ ಕ್ರಮ. ಖಾಲಿ ಜಾಗವನ್ನು ದತ್ತಾಂಶದ ಕೊರತೆಯೆಂದು ಕಾಣದೆ, ಅದೂ ಒಂದು ದತ್ತಾಂಶವೆಂದು ಕಾಣಬೇಕು.

೩. ಧರ್ಮ: ಶಿರಹಟ್ಟಿಯ ಫಕೀರಪ್ಪ, ಎರಡು ಕಡೆಯ ಚಿನ್ನಪ್ಪ

ಕೋಷ್ಟಕದ ಎರಡನೆಯ ಸಾಲು ಫಕೀರಪ್ಪನನ್ನು ಮುಸ್ಲಿಂ ಎನ್ನುತ್ತದೆ. ಗದಗ ಜಿಲ್ಲೆಯ ಶಿರಹಟ್ಟಿಯಲ್ಲಿ ಫಕೀರೇಶ್ವರ ಮಠವಿದೆ. ಹಿಂದೂ-ಮುಸ್ಲಿಂ ಭಕ್ತರಿಬ್ಬರೂ ನಡೆದುಕೊಳ್ಳುವ ಈ ಮಠದ ಪ್ರಭಾವವಿರುವ ಸೀಮೆಯಲ್ಲಿ ಫಕೀರಪ್ಪ, ಫಕೀರಗೌಡ, ಫಕೀರವ್ವ ಎಂಬ ಹೆಸರುಗಳು ಹಿಂದೂ ಮನೆತನಗಳಲ್ಲಿ ಸಾಮಾನ್ಯ. ಹುಸೇನಪ್ಪ, ಪೀರಪ್ಪ, ಸಾಯಬಣ್ಣ ಎಂಬವೂ ಇದೇ ಬಗೆಯವು. ದರ್ಗಾಕ್ಕೆ ಹರಕೆ ಹೊತ್ತು ಹುಟ್ಟಿದ ಮಗುವಿಗೆ, ಮೊಹರಮ್ಮಿನ ದಿನಗಳಲ್ಲಿ ಹುಟ್ಟಿದ ಮಗುವಿಗೆ ಇಂಥ ಹೆಸರಿಡುವ ರೂಢಿ ಆ ಭಾಗದಲ್ಲಿದೆ. ಇಲ್ಲಿ ಹೆಸರು ಒಂದು ಕುಟುಂಬದ ಹರಕೆಯನ್ನು ಹೇಳುತ್ತದೆಯೇ ಹೊರತು ಜನಗಣತಿಯ ಕಲಮನ್ನಲ್ಲ. ಘಟಕಪದದ ಮೂಲದಿಂದ ವ್ಯಕ್ತಿಯ ಧರ್ಮಕ್ಕೆ ಜಿಗಿಯುವ ವರ್ಗೀಕರಣವು, ಎರಡು ಸಮುದಾಯಗಳು ಹಂಚಿಕೊಂಡ ಬದುಕನ್ನು ಒಂದರ ಲೆಕ್ಕಕ್ಕೆ ಬರೆದು ಇನ್ನೊಂದರ ಲೆಕ್ಕದಿಂದ ತೆಗೆಯುತ್ತದೆ.

ಚಿನ್ನಪ್ಪನ ಸಾಲು ಇದಕ್ಕೆ ವಿರುದ್ಧ ದಿಕ್ಕಿನ ದೋಷವನ್ನು ತೋರುತ್ತದೆ. ಚಿನ್ನ ಎಂದರೆ ಕನ್ನಡದಲ್ಲಿ ಬಂಗಾರ, ತಮಿಳು-ತೆಲುಗುಗಳಲ್ಲಿ ಚಿಕ್ಕದು. 1924ರಲ್ಲಿ ಪ್ರಕಟವಾದ ‘ಪಟ್ಟೋಲೆ ಪಳಮೆ’ಯನ್ನು ಸಂಪಾದಿಸಿದ ನಡಿಕೇರಿಯಂಡ ಚಿನ್ನಪ್ಪ ಅವರು ಕೊಡವರು. ಅದೇ ಹೆಸರು ತಮಿಳು ಕಥೋಲಿಕ ಸಂಪ್ರದಾಯದಲ್ಲಿ ಸಂತ ಪೌಲನದು. ಲ್ಯಾಟಿನ್ನಿನ ಪೌಲುಸ್ ಎಂದರೆ ಚಿಕ್ಕವನು. ಅದನ್ನು ಅರ್ಥಾನುವಾದ ಮಾಡಿ ಚಿನ್ನಪ್ಪರ್ ಎಂದರು. ಹಾಗೆಯೇ ದೇವರ ಕೃಪೆ ಎಂಬ ಅರ್ಥವಿರುವ ಯೋಹಾನನ ಹೆಸರು ಅರುಳಪ್ಪರ್ ಆಯಿತು. ಅಪ್ಪಟ ದ್ರಾವಿಡ ಪದಗಳಿಂದಾದ ಈ ಹೆಸರುಗಳು ಕ್ರೈಸ್ತ ಹೆಸರುಗಳಾಗಿಯೂ ಸಲ್ಲುತ್ತವೆ. ಅಕ್ಷರಸರಣಿಯಿಂದ ಧರ್ಮವನ್ನು ಊಹಿಸುವ ಯಾವ ವಿಧಾನಕ್ಕೂ ಇವರು ಹಿಂದೂಗಳಾಗಿಯೇ ಕಾಣುತ್ತಾರೆ. ಪತ್ತೆಯಾಗುವವರು ಐರೋಪ್ಯ ರೂಪದ ಹೆಸರಿರುವ ಕ್ರೈಸ್ತರು, ಮರೆಯಾಗುವವರು ದೇಶೀ ಹೆಸರಿರುವವರು. ಈ ಪಟ್ಟಿಯಿಂದ ಕ್ರೈಸ್ತರ ಶಿಕ್ಷಣವನ್ನೋ ಆದಾಯವನ್ನೋ ಅಂದಾಜು ಮಾಡಿದರೆ ನಾವು ಅಳೆದದ್ದು ಒಂದು ಬಗೆಯ ಹೆಸರಿರುವವರ ಸ್ಥಿತಿಯನ್ನು, ಸಮುದಾಯದ ಸ್ಥಿತಿಯನ್ನಲ್ಲ. ಮಾದರಿಯ ಗಾತ್ರ ಎಷ್ಟು ಹಿಗ್ಗಿದರೂ ಈ ಓರೆ ಸರಿಯಾಗುವುದಿಲ್ಲ.

ನಿಖರತೆಯ ಶೇಕಡಾ ಪ್ರಮಾಣ ಇದನ್ನು ಹೇಗೆ ಮುಚ್ಚುತ್ತದೆ ಎಂಬುದಕ್ಕೆ ಒಂದು ಲೆಕ್ಕ ಸಾಕು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರು ಶೇ. 1.87. ರಾಜ್ಯವನ್ನು ಯಥಾವತ್ ಪ್ರತಿನಿಧಿಸುವ 10,000 ಹೆಸರುಗಳ ಪಟ್ಟಿಯಲ್ಲಿ ಅವರು 187 ಮಂದಿ. ನಮ್ಮ ವರ್ಗೀಕಾರಕವು ಕ್ರೈಸ್ತರಲ್ಲಿ ಶೇ. 90ರಷ್ಟು ಮಂದಿಯನ್ನು ಗುರುತಿಸುತ್ತದೆ, ಉಳಿದವರಲ್ಲಿ ಶೇ. 2ರಷ್ಟು ಮಂದಿಯನ್ನು ಮಾತ್ರ ತಪ್ಪಾಗಿ ಕ್ರೈಸ್ತರೆನ್ನುತ್ತದೆ ಎಂದು ಊಹಿಸೋಣ. ಮೇಲೆ ಹೇಳಿದ ಕಾರಣಗಳಿಂದ ಇದು ಉದಾರವಾದ ಊಹೆಯೇ. ಆಗ ಸರಿಯಾಗಿ ಗುರುತಿಸಲ್ಪಟ್ಟವರು 168. ಉಳಿದ 9,813 ಮಂದಿಯಲ್ಲಿ ತಪ್ಪು ಗುರುತು ಪಡೆದವರು 196. ಕ್ರೈಸ್ತರೆಂಬ ಚೀಟಿ ಅಂಟಿದ ಒಟ್ಟು 364 ಜನರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಕ್ರೈಸ್ತರಲ್ಲ. ಇಷ್ಟಾದರೂ ಒಟ್ಟು ನಿಖರತೆ ಸುಮಾರು ಶೇ. 97.9 ಎಂದು ಲೇಖನದಲ್ಲಿ ಅಚ್ಚಾಗುತ್ತದೆ. ಯಾವ ಹೆಸರನ್ನೂ ನೋಡದೆ ಎಲ್ಲರನ್ನೂ ಕ್ರೈಸ್ತರಲ್ಲವೆಂದು ಬರೆದಿದ್ದರೆ ಅದು ಶೇ. 98.13 ಆಗುತ್ತಿತ್ತು.

ಸಂಭವನೀಯತೆಯ ರೂಪದಲ್ಲಿ ಉತ್ತರ ಕೊಡುವುದು ಇದಕ್ಕಿಂತ ಮೇಲು. ದಕ್ಷಿಣ ಏಷ್ಯಾದ ಹೆಸರುಗಳಿಂದ ಧಾರ್ಮಿಕ ಸಮುದಾಯವನ್ನು ಅಂದಾಜಿಸುವ ಬಗ್ಗೆ ರಫಾಯೆಲ್ ಸೂಸೆವಿಂಡ್ ಅವರು 2015ರಲ್ಲಿ ಫೀಲ್ಡ್ ಮೆಥಡ್ಸ್ ಪತ್ರಿಕೆಯಲ್ಲಿ ಬರೆದ ಲೇಖನ ಆ ದಾರಿಯದು. ಒಂದು ಪ್ರದೇಶದ ಒಟ್ಟು ಪ್ರಮಾಣವನ್ನು ತಿಳಿಯಲು ಸಂಭವನೀಯತೆಗಳನ್ನು ಕೂಡಿದರೆ, ಪ್ರತಿಯೊಬ್ಬರಿಗೂ ಚೀಟಿ ಅಂಟಿಸುವ ಅಗತ್ಯವೇ ಬೀಳುವುದಿಲ್ಲ. ಆದರೆ 0.7 ಎಂಬ ಅಂಕಿ ದತ್ತಾಂಶವನ್ನು ಮುಂದೆ ಬಳಸುವವರ ಕೈಯಲ್ಲಿ 0.7 ಆಗಿ ಉಳಿಯುವುದು ವಿರಳ, 0.5ರ ಗೆರೆ ಎಳೆದೊಡನೆ ಅದು ಹೌದು ಎಂದಾಗುತ್ತದೆ.

೪. ಊಹೆಗೆ ತೆರುವ ಬೆಲೆ

ತಪ್ಪು ಚೀಟಿಯಿಂದ ಏನಾಗುತ್ತದೆ ಎಂದು ಕೇಳಬಹುದು. ಭಾರತದ ಸಂದರ್ಭದಲ್ಲಿ ಇದಕ್ಕೆ ಸ್ಪಷ್ಟ ಉತ್ತರವಿದೆ. 1950ರ ಸಂವಿಧಾನ (ಪರಿಶಿಷ್ಟ ಜಾತಿಗಳ) ಆದೇಶದ ಮೂರನೆಯ ಕಂಡಿಕೆಯಂತೆ ಪರಿಶಿಷ್ಟ ಜಾತಿಯ ಸ್ಥಾನಮಾನ ಬಹುಮಟ್ಟಿಗೆ ಹಿಂದೂಗಳಿಗೆ ಮಾತ್ರವಿತ್ತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದು ವಿಸ್ತರಿಸಿತು. ಕ್ರೈಸ್ತರಿಗೂ ಮುಸ್ಲಿಮರಿಗೂ ಇಲ್ಲ. ದಲಿತ ಕುಟುಂಬದ ವ್ಯಕ್ತಿಯೊಬ್ಬರ ಹೆಸರಿನ ಎದುರು ಕ್ರೈಸ್ತ ಎಂದು ಬರೆಯುವುದು ಆದ್ದರಿಂದ ನಿರುಪದ್ರವಿ ಟಿಪ್ಪಣಿಯಲ್ಲ. ಅದು ಆ ವ್ಯಕ್ತಿಯ ಮೀಸಲಾತಿಯ ಅರ್ಹತೆಯ ಬಗ್ಗೆ ಸಂಶಯ ಹುಟ್ಟಿಸಬಲ್ಲ ಹೇಳಿಕೆ, ಅದೂ ಅವರನ್ನು ಕೇಳದೆ ಬರೆದದ್ದು.

ಸರಿಯಾದ ಚೀಟಿಯೂ ಅಪಾಯಮುಕ್ತವಲ್ಲ. ಇಲ್ಲಿ ಜರ್ಮನಿಯ ಒಂದು ಆದೇಶವನ್ನು ಸ್ಮರಿಸಬೇಕು. 1938ರ ಆಗಸ್ಟ್ 17ರಂದು ನಾಜಿ ಸರ್ಕಾರ ಹೊರಡಿಸಿದ ನಿಯಮದಂತೆ, ಯೆಹೂದ್ಯರಿಗೆಂದು ಅದು ಗೊತ್ತುಪಡಿಸಿದ ಪಟ್ಟಿಯಲ್ಲಿ ಇಲ್ಲದ ಹೆಸರಿರುವ ಯೆಹೂದ್ಯರೆಲ್ಲ 1939ರ ಜನವರಿ 1ರಿಂದ ತಮ್ಮ ಹೆಸರಿಗೆ ಇನ್ನೊಂದನ್ನು ಸೇರಿಸಿಕೊಳ್ಳಬೇಕಾಯಿತು: ಗಂಡಸರು ಇಸ್ರಾಯೆಲ್, ಹೆಂಗಸರು ಸಾರಾ. ಭಾಷಾವಿಜ್ಞಾನಿಗಳು ಇದರಿಂದ ತಿಳಿಯಬೇಕಾದದ್ದು ಎರಡು. ಜರ್ಮನಿಯ ಯೆಹೂದ್ಯರ ಹೆಸರುಗಳು ಅವರ ನೆರೆಹೊರೆಯವರ ಹೆಸರುಗಳೇ ಆಗಿದ್ದವು. ಹೆಸರಿನಿಂದ ಧರ್ಮ ತಿಳಿಯುವುದಿಲ್ಲವೆಂಬ ಸತ್ಯವನ್ನು ಆ ಪ್ರಭುತ್ವವೂ ಅರಿತಿತ್ತು. ಅಂಕಿತನಾಮವು ಗುರುತು ಹೇಳದಿದ್ದಾಗ ಅದನ್ನು ಬಲವಂತವಾಗಿ ಅನ್ವರ್ಥನಾಮವನ್ನಾಗಿ ಮಾಡಿತು. ಧರ್ಮದ ಕಂಬಸಾಲನ್ನು ತುಂಬಿಸಿ ಪ್ರಕಟಿಸುವ ದತ್ತಸಂಚಯವು ಬೇರೆ ಉದ್ದೇಶದಿಂದಲೇ ಹೊರಟಿದ್ದರೂ, ಹೆಸರು ತಾನಾಗಿ ಹೊತ್ತಿರದ ಗುರುತೊಂದನ್ನು ಅದಕ್ಕೆ ಜೋಡಿಸಿಕೊಡುತ್ತದೆ. ಒಮ್ಮೆ ಹಂಚಿಹೋದ ಪಟ್ಟಿಯನ್ನು ಯಾರು ಯಾವುದಕ್ಕೆ ಬಳಸುತ್ತಾರೆಂಬುದು ಸಂಶೋಧಕರ ಕೈಯಲ್ಲಿ ಇರುವುದಿಲ್ಲ.

ಹೆಸರು ಹೇಗೂ ಬಹಿರಂಗವಾದದ್ದು, ಅದರಿಂದ ಊಹಿಸುವುದರಲ್ಲಿ ತಪ್ಪೇನು ಎಂಬ ಸಮರ್ಥನೆಯನ್ನು ಕಾನೂನು ಕೂಡ ಈಗ ಒಪ್ಪುತ್ತಿಲ್ಲ. 2022ರ ಆಗಸ್ಟ್ 1ರಂದು ಯುರೋಪಿನ ಒಕ್ಕೂಟದ ನ್ಯಾಯಾಲಯವು ಲಿಥುವೇನಿಯದ ಪ್ರಕರಣವೊಂದರಲ್ಲಿ ತೀರ್ಪಿತ್ತಿತು. ಸಂಗಾತಿಯ ಹೆಸರನ್ನು ಅಂತರ್ಜಾಲದಲ್ಲಿ ಪ್ರಕಟಿಸುವುದರಿಂದ ವ್ಯಕ್ತಿಯ ಲೈಂಗಿಕ ಒಲವನ್ನು ಪರೋಕ್ಷವಾಗಿ ತಿಳಿಯಬಹುದಾದ್ದರಿಂದ, ಅಂಥ ಪ್ರಕಟಣೆಯೂ ಸೂಕ್ಷ್ಮ ಮಾಹಿತಿಯ ಸಂಸ್ಕರಣೆಯೇ ಎಂದು ಅದು ಹೇಳಿತು. ಹೆಸರಿನಿಂದ ಊಹಿಸಬಹುದಾದದ್ದೂ ರಕ್ಷಣೆಗೆ ಅರ್ಹ ಎಂಬ ತತ್ತ್ವ ಇಲ್ಲಿದೆ.

೫. ಯಾರ ಪ್ರಶ್ನೆ, ಯಾವ ಕಂಬಸಾಲು

ಹಾಗಾದರೆ ಹೆಸರು ಮತ್ತು ಧರ್ಮದ ಸಂಬಂಧವನ್ನು ಅಧ್ಯಯನ ಮಾಡಲೇಬಾರದೆ? ಮಾಡಬಹುದು, ಪ್ರಶ್ನೆಯನ್ನು ಸರಿಯಾಗಿ ಇಟ್ಟರೆ. ಸುಖದೇವ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಅವರು 2007ರಲ್ಲಿ ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಬಗೆಯ ಅರ್ಹತೆಗಳುಳ್ಳ ಉದ್ಯೋಗದ ಅರ್ಜಿಗಳನ್ನು ಮೇಲ್ಜಾತಿ ಹಿಂದೂ, ದಲಿತ ಮತ್ತು ಮುಸ್ಲಿಂ ಎಂದು ಓದುಗರಿಗೆ ತೋರುವ ಹೆಸರುಗಳಲ್ಲಿ ಕಳುಹಿಸಿ, ಬರುವ ಕರೆಗಳನ್ನು ಎಣಿಸಿದರು. ಅಲ್ಲಿ ಅರ್ಜಿದಾರರು ನಿಜವಾದ ವ್ಯಕ್ತಿಗಳಲ್ಲ. ಅಳೆದದ್ದು ಹೆಸರಿನವರ ಧರ್ಮವನ್ನಲ್ಲ, ಹೆಸರನ್ನು ಓದಿದ ಉದ್ಯೋಗದಾತರ ಊಹೆಯನ್ನು ಮತ್ತು ಆ ಊಹೆಯ ಪರಿಣಾಮವನ್ನು. ಊಹೆ ಅಲ್ಲಿ ಅಧ್ಯಯನದ ವಸ್ತು. ನಾವು ವಿಮರ್ಶಿಸುತ್ತಿರುವ ಕೋಷ್ಟಕಗಳಲ್ಲಿ ಅದೇ ಊಹೆ ಅಧ್ಯಯನದ ಸಾಧನವಾಗಿ, ಕೊನೆಗೆ ಫಲಿತಾಂಶವಾಗಿ ನಿಲ್ಲುತ್ತದೆ.

ಈ ಭೇದವನ್ನು ಒಪ್ಪಿದರೆ ಕೋಷ್ಟಕದ ರಚನೆಯೇ ಬದಲಾಗಬೇಕಾಗುತ್ತದೆ. ಅಡ್ಡಸಾಲು ವ್ಯಕ್ತಿಯದಾಗಿರಬಾರದು, ಹೆಸರಿನ ರೂಪದ್ದಾಗಿರಬೇಕು.

```
form:       Mariamma
kannada:    ಮರಿಯಮ್ಮ | ಮಾರಿಯಮ್ಮ
formed_in:  Kannada | Malayalam | Tamil
base:       Maria | Maryam | Mari
gender:     self-reported counts; place; year
perceived:  who was asked; what they guessed
```

ಇಲ್ಲಿ `religion` ಎಂಬ ಕಂಬಸಾಲು ಇಲ್ಲ. ಅದರ ಬದಲು `perceived` ಇದೆ: ಯಾರನ್ನು ಕೇಳಲಾಯಿತು, ಅವರು ಏನೆಂದು ಊಹಿಸಿದರು ಎಂಬುದರ ದಾಖಲೆ. ಲಿಂಗದ ಜಾಗದಲ್ಲಿ ಒಂದಕ್ಷರದ ತೀರ್ಪಿಲ್ಲ. ಇಂಥ ಊರಿನಲ್ಲಿ, ಇಂಥ ವರ್ಷದಲ್ಲಿ, ಆ ಹೆಸರಿನವರೇ ಹೇಳಿಕೊಂಡಂತೆ ಎಷ್ಟು ಮಂದಿ ಎಂಬ ಎಣಿಕೆಯಿದೆ. ಪರ್ಯಾಯಗಳನ್ನು ಒಂದಕ್ಕೆ ಇಳಿಸದೆ ಪರ್ಯಾಯಗಳಾಗಿಯೇ ಉಳಿಸಲಾಗಿದೆ. ಧರ್ಮದ ಮಾಹಿತಿ ಅನಿವಾರ್ಯವಾದ ಅಧ್ಯಯನದಲ್ಲಿ ಅದನ್ನು ವ್ಯಕ್ತಿಗಳಿಂದಲೇ ಕೇಳಿ ಪಡೆಯಬೇಕು. ಪಡೆಯಲಾಗದಲ್ಲಿ ಪ್ರದೇಶದ ಮಟ್ಟದ ಅಂದಾಜಿಗೆ ತೃಪ್ತರಾಗಿ, ಗುಂಪುವಾರು ದೋಷಪ್ರಮಾಣದೊಡನೆ ಅದನ್ನು ಪ್ರಕಟಿಸಬೇಕು. ವ್ಯಕ್ತಿವಾರು ಊಹೆಗಳನ್ನು ಸಂಚಯದ ಜೊತೆ ಹಂಚಬಾರದು.

ಇದರಿಂದ ಕೋಷ್ಟಕಗಳು ತೊಡಕಾಗುತ್ತವೆ, ಯಂತ್ರಕಲಿಕೆಗೆ ಒಗ್ಗುವುದಿಲ್ಲ ಎಂಬ ಆಕ್ಷೇಪ ಬರಬಹುದು. ತೊಡಕು ನಾವು ತಂದದ್ದಲ್ಲ, ಹೆಸರುಗಳಲ್ಲಿಯೇ ಇರುವುದು. ಒಂದಕ್ಷರದ ಉತ್ತರ ಅದನ್ನು ಮರೆಮಾಡುತ್ತಿತ್ತು, ಅಷ್ಟೆ. ಶಿರಹಟ್ಟಿಯ ಸೀಮೆಯ ಫಕೀರಪ್ಪನ ಧರ್ಮ ಯಾವುದೆಂಬ ಪ್ರಶ್ನೆಗೆ ಉತ್ತರ ಕೊಡುವ ಅಧಿಕಾರವಿರುವುದು ಫಕೀರಪ್ಪನಿಗೆ. ಆ ಹೆಸರು ಹೇಗೆ ಕಟ್ಟಲ್ಪಟ್ಟಿತು, ಯಾವ ದಾರಿಯಲ್ಲಿ ಬಂತು, ಯಾರು ಯಾರಿಗೆ ಅದನ್ನು ಇಡುತ್ತಾರೆ ಎಂಬ ಪ್ರಶ್ನೆಗಳು ನಮ್ಮವು. ಅವಕ್ಕೆ ಉತ್ತರಿಸಲು ಬೇಕಾದ ಶಾಸ್ತ್ರವೂ ನಮ್ಮಲ್ಲಿದೆ.